ಅಡ್ರೆಸ್‌ನಲ್ಲಿ ಪ್ರಿನ್ಸ್‌ಟನ್, ತೆರಿಗೆ ಫಾರ್ಮ್‌ನಲ್ಲಿ ಪ್ಲೇನ್ಸ್‌ಬರೋ!

ವಿದೇಶಕ್ಕೆ ಹೋದ ಮೊದಲ ತಿಂಗಳಲ್ಲಿ ತುಂಬಬೇಕಾದ ಫಾರ್ಮ್‌ಗಳಿಗೆ ಲೆಕ್ಕವಿಲ್ಲ. ಹೆಸರು, ಹುಟ್ಟಿದ ದಿನ ಎಲ್ಲಾ ಸಲೀಸು. ಕೈ ನಿಲ್ಲೋದು ‘ಕೌಂಟಿ’ ಮತ್ತು ‘ಮುನಿಸಿಪಾಲಿಟಿ’ ಅನ್ನೋ ಎರಡು ಖಾನೆಗಳ ಹತ್ತಿರ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ, ಬರೋ ಅಂದ್ರೆ ನಮ್ಮ ವಾರ್ಡ್ ಅಂತ ಅಂದಾಜಿನಲ್ಲಿ ಬರೆದರೆ ಕೆಲವು ಊರುಗಳಲ್ಲಿ ಸರಿಹೋಗುತ್ತೆ, ಕೆಲವು ಕಡೆ ಪೂರ್ತಿ ಉಲ್ಟಾ ಆಗುತ್ತೆ.

ನಮ್ಮಕ್ಕನ ಸಂಸಾರ ನ್ಯೂಜೆರ್ಸಿಗೆ ಹೋದಾಗ ಫಾರ್ಮ್‌ಗಳ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರ್‌ನವನು ಅಂದ್ಮೇಲೆ ಮನೆಯವರ ಲೆಕ್ಕದಲ್ಲಿ ಎಲ್ಲಾ ಫಾರ್ಮ್‌ಗೂ ನಾನೇ ಜವಾಬ್ದಾರಿ ತಾನೇ! ಅವರ ಬಾಡಿಗೆ ಕರಾರಿನಲ್ಲಿ ಅಡ್ರೆಸ್‌ನ ಕೊನೆಯ ಸಾಲು ಹೀಗಿತ್ತು: Princeton, NJ 08540. “ಹಾಗಾದ್ರೆ ನಮ್ಮೂರು ಪ್ರಿನ್ಸ್‌ಟನ್, ಕೌಂಟಿ ಮರ್ಸರ್, ಅಷ್ಟೇ ಅಲ್ವೇನೋ?” ಅಂದಳು ಅಕ್ಕ. ಎರಡೂ ಅಲ್ಲ. ಅವರ ಅಪಾರ್ಟ್‌ಮೆಂಟ್ ಇರೋದು ಪ್ಲೇನ್ಸ್‌ಬರೋ ಟೌನ್‌ಶಿಪ್‌ನಲ್ಲಿ, ಕೌಂಟಿ ಮಿಡ್ಲ್‌ಸೆಕ್ಸ್.

ಅಂಚೆ ಊರೇ ಬೇರೆ, ಆಡಳಿತದ ಊರೇ ಬೇರೆ

ಅಮೆರಿಕದ ಅಡ್ರೆಸ್‌ನಲ್ಲಿ ‘ಸಿಟಿ’ ಜಾಗದಲ್ಲಿ ಬರೋದು ನಿಮಗೆ ಕಾಗದ ತಲುಪಿಸುವ ಅಂಚೆ ಕಚೇರಿಯ ಹೆಸರು. ಆ ಕಚೇರಿ ಅಕ್ಕಪಕ್ಕದ ಊರುಗಳಿಗೂ ಕಾಗದ ಹಂಚುತ್ತೆ. ಹಾಗಾಗಿ ಪಕ್ಕದ ಪ್ಲೇನ್ಸ್‌ಬರೋದ ಕೆಲವು ಮನೆಗಳಿಗೂ ಪ್ರಿನ್ಸ್‌ಟನ್ ಅನ್ನೋ ಅಡ್ರೆಸ್ ಇದೆ. ‘ಮುನಿಸಿಪಾಲಿಟಿ’ ಅಂತ ಕೇಳಿದರೆ ಅವರಿಗೆ ಬೇಕಿರೋದು ನಿಮ್ಮ ಮನೆಯ ಸ್ಥಳೀಯ ಸರ್ಕಾರದ ಹೆಸರು. ಪಾರ್ಸೆಲ್‌ಗೆ ಅಂಚೆ ಊರು ಸಾಕು. ತೆರಿಗೆ, ಶಾಲೆ, ಮತದಾರರ ಪಟ್ಟಿಗೆ ಆಡಳಿತದ ಊರೇ ಬೇಕು.

ನ್ಯೂಜೆರ್ಸಿಯಲ್ಲಿ 21 ಕೌಂಟಿಗಳಿವೆ. ಅವುಗಳೊಳಗೆ ಬರೋ, ಟೌನ್‌ಶಿಪ್, ಸಿಟಿ, ಟೌನ್, ವಿಲೇಜ್ ಅಂತ ಐದು ಬಗೆಯ ಮುನಿಸಿಪಾಲಿಟಿಗಳು. ನಮ್ಮಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಅಂದ ಕೂಡಲೇ ಊರಿನ ಗಾತ್ರ ಗೊತ್ತಾಗುತ್ತೆ. ಅಲ್ಲಿ ಹಾಗಿಲ್ಲ. ಲಕ್ಷ ಜನ ಇರುವ ಎಡಿಸನ್ ಇವತ್ತಿಗೂ ಟೌನ್‌ಶಿಪ್ಪೇ. ಬರೋ ಅನ್ನೋದು ಯಾವುದೋ ನಗರದ ಭಾಗವೂ ಅಲ್ಲ, ಅದು ಸ್ವತಂತ್ರ ಊರು. ಐದೂ ಒಂದೇ ಮಟ್ಟದವು, ಮತ್ತು ಒಂದು ಮನೆ ಒಂದೇ ಮುನಿಸಿಪಾಲಿಟಿಗೆ ಸೇರುತ್ತೆ.

ತಪ್ಪಾದರೆ ಏನಾಗುತ್ತೆ?

ರಾಜ್ಯದ ಆದಾಯ ತೆರಿಗೆಯ NJ-1040 ಫಾರ್ಮ್‌ನಲ್ಲಿ ನಾಲ್ಕು ಅಂಕಿಯ ಕೌಂಟಿ/ಮುನಿಸಿಪಾಲಿಟಿ ಕೋಡ್ ಕೇಳ್ತಾರೆ. ಮೊದಲ ಎರಡು ಅಂಕಿ ಕೌಂಟಿಯದು: ಮರ್ಸರ್‌ಗೆ 11, ಮಿಡ್ಲ್‌ಸೆಕ್ಸ್‌ಗೆ 12. ಭಾವನ ಫಾರ್ಮ್‌ನಲ್ಲಿ ಕೋಡ್ 12ರಿಂದ ಶುರುವಾಗಬೇಕು. 11 ಅಂತ ಕಂಡರೆ, ಯಾರೋ ಅಂಚೆ ಊರು ನೋಡಿ ತುಂಬಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತೆ.

ಶಾಲೆಯದ್ದು ಇನ್ನೂ ದೊಡ್ಡ ವಿಷಯ. ಪ್ರಿನ್ಸ್‌ಟನ್ ಊರಿನ ಸರ್ಕಾರಿ ಶಾಲೆಗಳ ಆಡಳಿತವೇ ಬೇರೆ. ಪ್ಲೇನ್ಸ್‌ಬರೋದ ಮಕ್ಕಳು ಸೇರೋದು ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಶಾಲಾ ಜಿಲ್ಲೆಗೆ. ಅಡ್ರೆಸ್‌ನಲ್ಲಿ ಪ್ರಿನ್ಸ್‌ಟನ್ ಇದೆ ಅಂತ ಅಲ್ಲಿನ ಶಾಲೆ ಎಣಿಸಿಕೊಂಡು ಮನೆ ಹಿಡಿದರೆ, ಸೀಟು ಸಿಗೋದು ಬೇರೆ ಕಡೆ. ಹಾಗಾಗಿ ಕರಾರಿಗೆ ಸಹಿ ಹಾಕೋ ಮೊದಲೇ ಇದನ್ನ ನೋಡಿಕೊಳ್ಳಬೇಕು.

ನೋಡೋದು ಹೇಗೆ?

ಅಮೆರಿಕದ ಜನಗಣತಿ ಇಲಾಖೆಯ geocoding.geo.census.gov ತೆರೆಯಿರಿ. ‘Find Geographies’ ಕೆಳಗೆ ವಿಳಾಸದ ಆಯ್ಕೆ ಒತ್ತಿ, ಮನೆಯ ಪೂರ್ತಿ ಅಡ್ರೆಸ್ ಹಾಕಿ. ಉತ್ತರದಲ್ಲಿ ‘Counties’ ಎದುರು ಕೌಂಟಿ ಇರುತ್ತೆ. ‘County Subdivisions’ ಎದುರು ಬರೋದೇ ನ್ಯೂಜೆರ್ಸಿಯ ಮಟ್ಟಿಗೆ ನಿಮ್ಮ ಮುನಿಸಿಪಾಲಿಟಿ. ತೀರಾ ಹೊಸ ಕಟ್ಟಡವಾದರೆ ಅಡ್ರೆಸ್ ಸಿಗದೇ ಇರಬಹುದು. ಆಗ ಅಪಾರ್ಟ್‌ಮೆಂಟ್ ಕಚೇರಿಯವರನ್ನ “ಇದು ಯಾವ ಟೌನ್‌ಶಿಪ್, ಯಾವ ಶಾಲಾ ಜಿಲ್ಲೆ?” ಅಂತ ಕೇಳಿ.

ನದಿ ದಾಟಿದರೆ, ಸಾಗರ ದಾಟಿದರೆ

ಪಕ್ಕದ ನ್ಯೂಯಾರ್ಕ್ ನಗರದಲ್ಲಿ ಬರೋ ಪದದ ಅರ್ಥವೇ ಬದಲು. ಅಲ್ಲಿ ಒಂದೇ ನಗರದ ಐದು ಭಾಗಗಳು ಬರೋಗಳು, ಪ್ರತಿಯೊಂದೂ ಒಂದೊಂದು ಕೌಂಟಿ. ಕ್ವೀನ್ಸ್, ಬ್ರಾಂಕ್ಸ್‌ಗೆ ಎರಡೂ ಹೆಸರು ಒಂದೇ. ಆದರೆ ಬ್ರೂಕ್ಲಿನ್‌ನವರು ಕೌಂಟಿ ಖಾನೆಯಲ್ಲಿ ‘ಕಿಂಗ್ಸ್’ ಅಂತ, ಮ್ಯಾನ್‌ಹ್ಯಾಟನ್‌ನವರು ‘ನ್ಯೂಯಾರ್ಕ್’ ಅಂತ, ಸ್ಟೇಟನ್ ಐಲ್ಯಾಂಡ್‌ನವರು ‘ರಿಚ್ಮಂಡ್’ ಅಂತ ಬರೀಬೇಕು.

ಲಂಡನ್‌ಗೆ ಹೋಗೋರಿಗೆ ಬರೋ ಅಂದ್ರೆ ಕೌನ್ಸಿಲ್. ಅಲ್ಲಿನ 32 ಬರೋಗಳಲ್ಲಿ ನಿಮ್ಮದು ಯಾವುದೋ, ಕೌನ್ಸಿಲ್ ಟ್ಯಾಕ್ಸ್ ಕಟ್ಟೋದೂ ಮಗುವಿನ ಶಾಲೆಗೆ ಅರ್ಜಿ ಹಾಕೋದೂ ಅದಕ್ಕೇ. ಕಾಗದದ ಅಡ್ರೆಸ್‌ಗೆ ಕೌಂಟಿ ಬೇಕೇ ಇಲ್ಲ, ಊರು ಮತ್ತು ಪೋಸ್ಟ್‌ಕೋಡ್ ಇದ್ದರೆ ಸಾಕು. ನಿಮ್ಮ ಕೌನ್ಸಿಲ್ ಯಾವುದು ಅಂತ ಗೊತ್ತಿಲ್ಲದಿದ್ದರೆ gov.uk ತಾಣದಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಬಹುದು.

ಅಕ್ಕನ ಫೋನ್‌ನಲ್ಲಿ ಈಗ ಒಂದು ನೋಟ್ ಇದೆ. ಅಂಚೆಗೆ: ಪ್ರಿನ್ಸ್‌ಟನ್. ಮುನಿಸಿಪಾಲಿಟಿ: ಪ್ಲೇನ್ಸ್‌ಬರೋ ಟೌನ್‌ಶಿಪ್. ಕೌಂಟಿ: ಮಿಡ್ಲ್‌ಸೆಕ್ಸ್. ಶಾಲೆ: ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ. ನಿಮ್ಮ ಮನೆಗೂ ಇಂಥ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ, ಮುಂದಿನ ಫಾರ್ಮ್ ಬಂದಾಗ ನೋಡಿ ತುಂಬಿದರಾಯ್ತು.