ನಾಲ್ಕು ಸೆಕೆಂಡಿನಲ್ಲಿ ಅಕ್ಕಿ ರೊಟ್ಟಿ

ಮಲೆನಾಡಿನ ಹೋಂಸ್ಟೇಗೆ ಬಂದ ಅತಿಥಿಯೊಬ್ಬರು ಕ್ಯಾಮೆರಾ ಮುಂದೆ ಕೂತು ಹೇಳುತ್ತಾರೆ ಅಂದುಕೊಳ್ಳಿ: “ನಮ್ ಮನೇಗೇ ಬಂದ್ಹಾಗಾಯ್ತು ನೋಡಿ, ಬಿಸಿಬಿಸಿ ಅಕ್ಕಿ ರೊಟ್ಟಿ ಒಂದಾದ್ಮೇಲೊಂದು ಮಾಡಿ ಹಾಕ್ತಾನೇ ಇದ್ರು.” ಇಷ್ಟು ಹೇಳಲು ಬೇಕಾದದ್ದು ನಾಲ್ಕು ಸೆಕೆಂಡು. ಇದನ್ನು ಒಂದೂ ಪದ ಬಿಡದೆ ಇಂಗ್ಲಿಷಿಗೆ ತಂದರೆ ಸುಮಾರು 140 ಅಕ್ಷರವಾಗುತ್ತದೆ. ಅಂದರೆ ನೋಡುಗ ಸೆಕೆಂಡಿಗೆ 35 ಅಕ್ಷರ ಓದಬೇಕು. ಅದು ಆಗದ ಮಾತು.

ನೆಟ್‌ಫ್ಲಿಕ್ಸ್‌ನ ಇಂಗ್ಲಿಷ್ ನಿಯಮದಲ್ಲಿ ವಯಸ್ಕರಿಗೆ ಸೆಕೆಂಡಿಗೆ 20 ಅಕ್ಷರ, ಮಕ್ಕಳಿಗೆ 17. ಖಾಲಿ ಜಾಗ, ಚುಕ್ಕಿ, ಅಲ್ಪವಿರಾಮ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಒಂದು ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡೇ ಸಾಲು. ಹೋಂಸ್ಟೇ ವಿಡಿಯೊವನ್ನು ಜನ ಫೋನಿನಲ್ಲಿ ನೋಡುತ್ತಾರೆ, ಅವರಲ್ಲಿ ಅನೇಕರಿಗೆ ಇಂಗ್ಲಿಷ್ ಎರಡನೆಯ ಭಾಷೆ. ಹಾಗಾಗಿ ದೊಡ್ಡವರಿಗೂ 17ರೊಳಗೇ ಇರಬೇಕು ಎಂಬುದು ನನ್ನ ಪಟ್ಟು.

```
7
00:00:21,200 --> 00:00:25,200
It felt like home. They kept serving us
akki rotti hot off the pan.
```

ಮೇಲಿನ ಸಾಲು 39, ಕೆಳಗಿನದು 27, ಒಟ್ಟು 66 ಅಕ್ಷರ. ನಾಲ್ಕರಿಂದ ಭಾಗಿಸಿದರೆ 16.5. “ನೋಡಿ” ಬಿಟ್ಟದ್ದರಿಂದ ನಷ್ಟವಿಲ್ಲ, ಅದು ಅವರ ದನಿಯಲ್ಲೇ ಕೇಳುತ್ತದೆ. ಕಾವಲಿಯಿಂದ ನೇರ ತಟ್ಟೆಗೆ ಬಿತ್ತು ಅಂದರೆ ಬಿಸಿಬಿಸಿ ಅಂತ ಬೇರೆ ಹೇಳಬೇಕಿಲ್ಲ. ಬಡಿಸುತ್ತಲೇ ಇದ್ದರು ಅನ್ನುವುದರಲ್ಲಿ ಒಂದಾದ ಮೇಲೊಂದು ಸೇರಿಹೋಯಿತು. ಅಕ್ಕಿ ರೊಟ್ಟಿಯ ಹೆಸರನ್ನು ಮಾತ್ರ ಹಾಗೇ ಇಟ್ಟೆ. ಅದೇ ಹೊತ್ತಿಗೆ ತಟ್ಟೆ ತೆರೆಯ ಮೇಲಿದ್ದರೆ ವಿವರಣೆಯ ಖರ್ಚೂ ಉಳಿಯುತ್ತದೆ.

ಪದ ಕತ್ತರಿಸುವ ಮುಂಚೆ ಸಮಯ ಸಿಗುತ್ತದಾ ನೋಡಬೇಕು. ಜನ ಮಾತಿನ ನಡುವೆ ನಗುತ್ತಾರೆ, ನೆನಪಿಸಿಕೊಳ್ಳಲು ತಡೆಯುತ್ತಾರೆ. ಆ ಬಿಡುವಿಗೂ ಅಕ್ಷರಗಳನ್ನು ಅರ್ಧ ಸೆಕೆಂಡು ಉಳಿಸಿಕೊಂಡರೆ ಎಂಟು ಅಕ್ಷರಕ್ಕೆ ಜಾಗವಾಯಿತು. ಆದರೆ ಮುಂದಿನ ಮಾತು ಶುರುವಾಗುವಷ್ಟರಲ್ಲಿ ತೆಗೆಯಲೇಬೇಕು. ಶಾಟ್ ಬದಲಾದ ಮೇಲೂ ಹಳೆಯ ಸಾಲು ಕೂತಿರದಂತೆ ನೋಡಿಕೊಳ್ಳಬೇಕು. ಸಬ್‌ಟೈಟಲ್ ಎಡಿಟ್‌ನಂಥ ತಂತ್ರಾಂಶ ಪ್ರತಿ ಸಾಲಿನ ವೇಗ ತೋರಿಸುತ್ತದೆ, ನಾವು ಹಾಕಿದ ಮಿತಿ ಮೀರಿದರೆ ಬಣ್ಣ ಬದಲಿಸಿ ಎಚ್ಚರಿಸುತ್ತದೆ.

ತಂತ್ರಾಂಶ ಹಿಡಿಯಲಾರದ ತಪ್ಪೊಂದಿದೆ. ಅತಿಥಿ “ಮೊದಲ್ನೇ ದಿನ ಬಿಸಿನೀರು ತಡವಾಯ್ತು, ಆಮೇಲೆ ಎಲ್ಲಾ ಚೆನ್ನಾಗಿತ್ತು” ಅನ್ನುತ್ತಾರೆ. ಅಕ್ಷರ ಜಾಸ್ತಿಯಾದಾಗ ಕೈ ಮೊದಲು ಹೋಗುವುದು ಬಿಸಿನೀರಿನ ಮೇಲೇ, ಮಾಲೀಕರಿಗೂ ಅದೇ ಬೇಕಿರುತ್ತದೆ. ವೇಗದ ಅಂಕಿ ಸರಿಹೋಗುತ್ತದೆ, ಸಾಕ್ಷಿ ಮಾತ್ರ ಸುಳ್ಳಾಗುತ್ತದೆ. ಕನ್ನಡ ಬಲ್ಲವರಿಗೊಂದು ಅಭಿಪ್ರಾಯ, ಬಾರದವರಿಗೆ ಇನ್ನೊಂದು ಕೊಟ್ಟಂತೆ. ಇಂಥ ಕಡೆ “ಎಲ್ಲಾ” ಹೋಗಲಿ, ಬಿಸಿನೀರು ಇರಲಿ. ಅಷ್ಟಕ್ಕೂ ಜಾಗ ಸಾಲದಿದ್ದರೆ ವಾಕ್ಯವನ್ನು ಎರಡು ಸಬ್‌ಟೈಟಲ್‌ಗೆ ಒಡೆದು, ದೂರನ್ನು ಅವರು ಹೇಳುವ ಹೊತ್ತಿಗೇ ತೆರೆಗೆ ತರಬೇಕು.