ಎಂಬತ್ತರ ಗೀರನ್ನು ನೂರಿಪ್ಪತ್ತು ಅಳಿಸಬೇಕು

ವಾರ್ನಿಷ್ ಹಚ್ಚುವವರೆಗೂ ಮೇಜಿನ ಹಲಗೆ ಚೆನ್ನಾಗಿಯೇ ಕಾಣುತ್ತದೆ. ಕೈಯಾಡಿಸಿದರೆ ನುಣುಪು, ಎಲ್ಲೂ ತರಿ ತಗಲುವುದಿಲ್ಲ. ಮೊದಲ ಕೋಟ್ ಬಿದ್ದು ಮರದ ಬಣ್ಣ ಗಾಢವಾದ ಕೂಡಲೇ, ಅದುವರೆಗೆ ಎಲ್ಲಿ ಅಡಗಿದ್ದವೋ ಎಂಬಂತೆ ಅಡ್ಡಡ್ಡ ಗೀರುಗಳು ಎದ್ದು ಕಾಣುತ್ತವೆ. ಅವು ವಾರ್ನಿಷ್‌ನ ದೋಷವಲ್ಲ. ಉಜ್ಜುವಾಗ ನಡುವಿನ ಒಂದು ಕಾಗದವನ್ನು ಬಿಟ್ಟಿದ್ದರ ಗುರುತು.

ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್ ಪೇಪರ್ ಕೇಳಿದರೆ 'ಯಾವ ನಂಬರ್?' ಎನ್ನುತ್ತಾರೆ. ಕಾಗದದ ಬೆನ್ನಿಗೆ ಅಚ್ಚಾಗಿರುವ ಆ ನಂಬರು ಜರಡಿಯ ಲೆಕ್ಕದಿಂದ ಬಂದದ್ದು. ಒಂದು ಅಂಗುಲದಲ್ಲಿ ಸುಮಾರು 80 ಕಣ್ಣುಗಳಿರುವ ಜರಡಿಯಲ್ಲಿ ಸೋಸಿದ ಹರಳುಗಳು 80ರ ಕಾಗದಕ್ಕೆ. ಕಣ್ಣು ಹೆಚ್ಚಿದಷ್ಟೂ ಹರಳು ಸಣ್ಣದು, ಅದಕ್ಕೇ ನಂಬರು ಏರಿದಂತೆ ಕಾಗದ ನಯವಾಗುತ್ತದೆ. 80ರ ಹರಳು ಸುಮಾರು 0.2 ಮಿ.ಮೀ. ಇದ್ದರೆ 220ರದ್ದು ಅದರ ಮೂರನೇ ಒಂದು ಭಾಗ. ತೀರಾ ನಯವಾದ ಪುಡಿಯನ್ನು ಜರಡಿಯಿಂದ ಬೇರ್ಪಡಿಸಲಾಗದು. ಅದು ಎಷ್ಟು ಬೇಗ ಕೆಳಗೆ ಇಳಿದು ತಂಗುತ್ತದೆ ಎಂಬುದರ ಮೇಲೆ ವಿಂಗಡಿಸುತ್ತಾರೆ.

ಪ್ರತಿ ಹರಳೂ ಒಂದು ಪುಟ್ಟ ಉಳಿ. ಅದು ಮರವನ್ನು ನುಣ್ಣಗೆ ಮಾಡುವುದಿಲ್ಲ, ಗೀರುತ್ತದೆ. ದಪ್ಪ ಹರಳು ಆಳವಾಗಿ, ಸಣ್ಣ ಹರಳು ಮೇಲುಮೇಲೆ. ಹಾಗಾಗಿ ಮೊದಲ ಕಾಗದಕ್ಕೆ ಮಾತ್ರ ಮರದ ಉಬ್ಬುತಗ್ಗು, ಹಳೆಯ ಬಣ್ಣ ತೆಗೆಯುವ ಕೆಲಸ. ಅಲ್ಲಿಂದ ಮುಂದೆ ಪ್ರತಿಯೊಂದೂ ಹಿಂದಿನದು ಬಿಟ್ಟ ಗೀರನ್ನು ಅಳಿಸುತ್ತಾ ಹೋಗಬೇಕು, ಅಷ್ಟೇ. 80ರಿಂದ ನೇರ 220ಕ್ಕೆ ಹಾರಿದರೆ ಆ ಆಳದ ಗೀರಿನ ತಳಕ್ಕೆ ಸಣ್ಣ ಹರಳು ಸುಲಭಕ್ಕೆ ಇಳಿಯದು. ಗೀರಿನ ದಂಡೆ ಮಾತ್ರ ನುಣುಪಾಗುತ್ತದೆ, ಕೈಗೆ ಮೋಸವಾಗುತ್ತದೆ. ಒಂದೊಂದು ಸಲಕ್ಕೆ ನಂಬರು ಸುಮಾರು ಒಂದೂವರೆ ಪಟ್ಟು ಏರಿದರೆ ಸಾಕು: 80, 120, 180.

ಹಳೆಯ ವಾರ್ನಿಷ್ ಅಲ್ಲಲ್ಲಿ ಎದ್ದಿರುವ ತೇಗದ ಮೇಜೊಂದನ್ನು ತೆಗೆದುಕೊಳ್ಳೋಣ. ಸಡಿಲವಾದ ಪದರವನ್ನು ಮೊದಲು ಕೆರೆದು ತೆಗೆಯಿರಿ, ಅದನ್ನೂ ಕಾಗದದಿಂದಲೇ ತೆಗೆಯಹೊರಟರೆ ಹರಳುಗಳ ನಡುವೆ ವಾರ್ನಿಷ್ ಮೆತ್ತಿಕೊಂಡು ಕಾಗದ ಬೇಗ ಕೆಲಸಕ್ಕೆ ಬಾರದಂತಾಗುತ್ತದೆ. ಬಳಿಕ 80ನ್ನು ಅಂಗೈ ಅಗಲದ ಮರದ ತುಂಡಿಗೆ ಸುತ್ತಿ, ಎಳೆಯ ಜಾಡಿನಲ್ಲೇ ಉಜ್ಜಿ. ಬರಿ ಬೆರಳಿನಿಂದ ಒತ್ತಿದರೆ ಬೆರಳಿದ್ದಲ್ಲಿ ತಗ್ಗು ಬೀಳುತ್ತದೆ. ಎಳೆಗೆ ಅಡ್ಡ ಉಜ್ಜಿದ ಗೀರು ಎಳೆಯನ್ನೇ ಕತ್ತರಿಸುವುದರಿಂದ ಕಣ್ಣಿಗೆ ಥಟ್ಟನೆ ಬೀಳುತ್ತದೆ.

120ಕ್ಕೆ ಹೋಗುವ ಮೊದಲು ಹಲಗೆಯ ಮೇಲೆಲ್ಲ ಪೆನ್ಸಿಲ್‌ನಿಂದ ತೆಳುವಾಗಿ ಗೀಚಿ. ಗೀಚು ಎಲ್ಲೆಡೆ ಅಳಿದರೆ ಕಾಗದ ಎಲ್ಲ ಕಡೆಗೂ ಮುಟ್ಟಿದೆ ಎಂದರ್ಥ, ಗೀರು ಹೋಗಿದೆ ಎಂದಲ್ಲ. ಅದನ್ನು ನೋಡಲು ಕೋಣೆಯ ದೀಪ ಆರಿಸಿ, ಹಲಗೆಯ ಮಟ್ಟಕ್ಕೇ ಟಾರ್ಚ್ ಹಿಡಿದು ಓರೆಯಾಗಿ ಬೆಳಕು ಬಿಡಬೇಕು. ಉಳಿದ ಗೀರುಗಳಿಗೆ ಸಣ್ಣ ನೆರಳು ಬೀಳುತ್ತದೆ. ಇನ್ನೂ ಅನುಮಾನವಿದ್ದರೆ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ. ವಾರ್ನಿಷ್ ತೋರಿಸುವುದನ್ನೇ ಅದು ಮೊದಲೇ ತೋರಿಸಿ, ಆಮೇಲೆ ಆರಿಹೋಗುತ್ತದೆ. ಕಾಗದ ಬದಲಿಸುವಾಗಲೆಲ್ಲ ಧೂಳನ್ನು ಪೂರ್ತಿ ತೆಗೆಯಬೇಕು. ಉದುರಿದ 80ರ ಒಂದೇ ಒಂದು ಹರಳು 180ರ ಕೆಳಗೆ ಸಿಕ್ಕಿಕೊಂಡರೆ ಹೊಸ ಗೀರು ಎಳೆಯುತ್ತಾ ಹೋಗುತ್ತದೆ. ತೇಗದ ಧೂಳು ಮೂಗು, ಗಂಟಲಿಗೆ ತೊಂದರೆ ಕೊಡುತ್ತದೆ, ಮಾಸ್ಕ್ ಬೇಕು.

ನಮ್ಮ ಮನೆಗಳಲ್ಲಿ ಈಗ ಹೆಚ್ಚಾಗಿರುವುದು ಗಟ್ಟಿ ತೇಗವಲ್ಲ, ತೇಗದ ವಿನೀರ್ ಅಂಟಿಸಿದ ಪ್ಲೈವುಡ್. ಮೇಲಿನ ಆ ಪದರ ಬಹಳ ತೆಳು. ಅದರ ಮೇಲೆ 80 ಇಟ್ಟರೆ ಕೆಳಗಿನ ಬೇರೆ ಬಣ್ಣದ ಮರ ಇಣುಕುತ್ತದೆ, ಆಮೇಲೆ ಅದಕ್ಕೆ ಪರಿಹಾರವಿಲ್ಲ. 180ರಿಂದಲೇ ಶುರುಮಾಡಿ, ಅಂಚುಗಳಲ್ಲಿ ಕೈ ಹಗುರವಿರಲಿ.

ವಾರ್ನಿಷ್‌ಗೆ ಬರಿ ಮರವನ್ನು 180 ಅಥವಾ 220ಕ್ಕೆ ನಿಲ್ಲಿಸಬಹುದು. ಇನ್ನೂ ನಯ ಮಾಡಿದರೆ ಹೊಳಪು ಹೆಚ್ಚದು, ಹೊಳಪು ಬರುವುದು ವಾರ್ನಿಷ್ ಪದರದಿಂದ. ಮೊದಲು ಸ್ಟೇನ್ ಹಚ್ಚುವುದಿದ್ದರೆ ಅತಿ ನಯದಿಂದ ನಷ್ಟವೇ, ಮರ ಬಣ್ಣ ಕಡಿಮೆ ಹೀರುತ್ತದೆ. ಇದೇ ಗುಣವನ್ನು ಹಲಗೆಯ ತುದಿಯಲ್ಲಿ ಬಳಸಿಕೊಳ್ಳಬಹುದು. ಎಳೆ ಕತ್ತರಿಸಿದ ಆ ಮುಖ ಹೆಚ್ಚು ಹೀರಿ ಕಪ್ಪಾಗುತ್ತದೆ. ಅಲ್ಲಿ ಒಂದು ನಂಬರು ಮುಂದೆ ಹೋಗಿ ಉಜ್ಜಿದರೆ ಬಣ್ಣ ಸಮನಾಗುತ್ತದೆ.

ಕೋಟ್ ಪೂರ್ತಿ ಒಣಗಿದ ಮೇಲೆ 320ರಿಂದ ಹಗುರವಾಗಿ ಒಂದು ಸುತ್ತು. ಕುಳಿತ ಧೂಳಿನ ತರಿ ಹೋಗುವುದರ ಜೊತೆಗೆ ಮುಂದಿನ ಪದರಕ್ಕೆ ಹಿಡಿತ ಸಿಗುತ್ತದೆ. ಬಿಳಿ ಪುಡಿ ಉದುರಿದರೆ ಸರಿ. ಉಂಡೆಯಾಗಿ ಕಾಗದಕ್ಕೆ ಅಂಟಿದರೆ ವಾರ್ನಿಷ್ ಇನ್ನೂ ಹಸಿಯಾಗಿದೆ, ಕೆಲಸವನ್ನು ನಾಳೆಗೆ ಬಿಡಿ.