ಹುಳುಕಿಗೆ ಮುಂಚಿನ ಬಿಳಿ ಮಚ್ಚೆ

ದಂತವೈದ್ಯಕೀಯ ಓದುವ ಹುಡುಗ ಹುಡುಗಿಯರಿಗೆ ಮೂರನೇ ವರ್ಷದ ಓರಲ್ ಪ್ಯಾಥಾಲಜಿ ಪರೀಕ್ಷೆಯಲ್ಲಿ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: 'ದಂತಕ್ಷಯ ಉಂಟಾಗುವ ಹಂತಗಳನ್ನು ಚಿತ್ರಸಹಿತ ವಿವರಿಸಿ.' ಸಾಧಾರಣ ಉತ್ತರಪತ್ರಿಕೆಯಲ್ಲಿ ಒಂದು ಹಲ್ಲು, ಅದರಲ್ಲೊಂದು ಕಪ್ಪು ಕುಳಿ ಇರುತ್ತದೆ. ಒಳ್ಳೆಯ ಉತ್ತರಪತ್ರಿಕೆಯಲ್ಲಿ ಕುಳಿ ಕೊನೆಗೆ ಬರುತ್ತದೆ. ಅದಕ್ಕೂ ಮುಂಚೆ ಅಲ್ಲಿ ಒಂದು ಪುಟ್ಟ ತ್ರಿಕೋನವಿರುತ್ತದೆ. ಅದರೊಳಗೆ ನಾಲ್ಕು ಪಟ್ಟಿಗಳು, ಪ್ರತಿ ಪಟ್ಟಿಗೂ ಬಾಣದ ಗುರುತು ಹಾಕಿ ಬರೆದ ಹೆಸರು. ಅಂಕ ಸಿಗುವುದು ಆ ತ್ರಿಕೋನಕ್ಕೆ. ಹಲ್ಲು ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದೂ ಅಲ್ಲಿಯೇ.

ನಾವು 'ಹಲ್ಲು ಹುಳುಕಾಗಿದೆ' ಎನ್ನುತ್ತೇವೆ. ಆದರೆ ಅಲ್ಲಿ ಹುಳು ಇಲ್ಲ. ಇರುವುದು ಆಮ್ಲ. ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ಮಿಲ್ಲರ್, ಕಿತ್ತ ಹಲ್ಲುಗಳನ್ನು ಜೊಲ್ಲು ಮತ್ತು ಬ್ರೆಡ್ಡಿನ ಮಿಶ್ರಣದಲ್ಲಿ ಬೆಚ್ಚಗಿಟ್ಟು ಅವು ಮೆತ್ತಗಾಗುವುದನ್ನು ತೋರಿಸಿದ. ಬ್ಯಾಕ್ಟೀರಿಯಾ ಪಿಷ್ಟವನ್ನೂ ಸಕ್ಕರೆಯನ್ನೂ ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ಪುಸ್ತಕವಾಗಿ ಬರೆದ. ಇಂದಿನ ವಿವರಣೆಯ ಬುಡವೂ ಅದೇ. ಹಲ್ಲಿನ ಹೊರಕವಚವಾದ ಎನಾಮಲ್‌ನ ತೂಕದಲ್ಲಿ ಶೇ 96ರಷ್ಟು ಖನಿಜ. ಹಲ್ಲಿಗೆ ಅಂಟಿದ ಪ್ಲಾಕ್‌ ಪದರದಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಈ ಖನಿಜದಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತವೆ. ಒಂದು ತುಂಡು ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಪಿಎಚ್ ಹೀಗೆ ಇಳಿಯುತ್ತದೆ. ಜೊಲ್ಲು ಅದನ್ನು ಮೊದಲಿನ ಮಟ್ಟಕ್ಕೆ ತರಲು ಅರ್ಧದಿಂದ ಒಂದು ಗಂಟೆ ಬೇಕು. ಪಿಎಚ್ ಏರಿದ ಮೇಲೆ ಹೋದ ಖನಿಜದ ಒಂದಿಷ್ಟು ಪಾಲು ವಾಪಸು ಬರುತ್ತದೆ. ಉತ್ತರದಲ್ಲಿ ಅಡಿಗೆರೆ ಎಳೆಯಬೇಕಾದ ಎರಡು ಪದಗಳು ಇವೇ: ಡಿಮಿನರಲೈಸೇಷನ್, ರಿಮಿನರಲೈಸೇಷನ್. ಕರಗುವುದು, ಮತ್ತೆ ಕೂಡುವುದು. ದಂತಕ್ಷಯವೆಂದರೆ ಈ ಕೊಡು-ಕೊಳ್ಳುವಿಕೆಯಲ್ಲಿ ಹಲ್ಲಿಗೆ ದಿನವೂ ಆಗುವ ನಷ್ಟ. ಅದಕ್ಕೇ ಎಷ್ಟು ಸಿಹಿ ತಿಂದೆವು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ತಿಂದೆವು ಎನ್ನುವುದನ್ನು ದಂತವೈದ್ಯರು ಕೇಳುವುದು.

ಈಗ ಆ ತ್ರಿಕೋನ. ಬಿಳಿ ಮಚ್ಚೆ ಇರುವ, ಕಿತ್ತ ಹಲ್ಲೊಂದನ್ನು ಸೀಳಿ, ಬೆಳಕು ದಾಟುವಷ್ಟು ತೆಳ್ಳಗೆ ಉಜ್ಜಿ, ಕ್ವಿನೊಲಿನ್ ಎಂಬ ದ್ರವದಲ್ಲಿ ನೆನೆಸಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಕ್ವಿನೊಲಿನ್ನೇ ಏಕೆ? ಬೆಳಕನ್ನು ಬಾಗಿಸುವ ಗುಣದಲ್ಲಿ ಅದೂ ಎನಾಮಲ್ಲೂ ಹೆಚ್ಚುಕಡಿಮೆ ಒಂದೇ. ಎನಾಮಲ್‌ನ ರಂಧ್ರಗಳಿಗೆ ಅದು ಇಳಿದರೆ ಆ ಜಾಗ ಗಾಜಿನಂತೆ ತಿಳಿಯಾಗಿ ಕಾಣುತ್ತದೆ. ತ್ರಿಕೋನದ ಅಗಲ ಬದಿ ಹಲ್ಲಿನ ಹೊರಮೈಗೆ, ಚೂಪು ತುದಿ ಒಳಗಿನ ಡೆಂಟಿನ್ ಕಡೆಗೆ. ತುದಿಯಿಂದ ಹೊರಗೆ ಬರುತ್ತ ಹೆಸರುಗಳನ್ನು ಬರೆಯಬೇಕು. ಮೊದಲನೆಯದು ಪಾರದರ್ಶಕ ವಲಯ. ಕ್ಷಯ ಮುನ್ನುಗ್ಗುತ್ತಿರುವ ಅಂಚು ಇದು. ಇಲ್ಲಿ ರಂಧ್ರಗಳು ಒಟ್ಟು ಗಾತ್ರದ ಶೇ 1ರಷ್ಟು. ಆರೋಗ್ಯವಂತ ಎನಾಮಲ್‌ನಲ್ಲಿ ಅದು ಶೇ 0.1 ಮಾತ್ರ. ಎರಡನೆಯದು ಕಪ್ಪು ವಲಯ, ಶೇ 2ರಿಂದ 4. ಮೂರನೆಯದು ಗಾಯದ ಒಡಲು, ಅಂಚಿನಲ್ಲಿ ಶೇ 5, ನಟ್ಟನಡುವೆ ಶೇ 25ರವರೆಗೆ. ನಾಲ್ಕನೆಯದು ಮೇಲ್ಪದರ. ಅಷ್ಟೆಲ್ಲ ಒಳಗೆ ಟೊಳ್ಳಾಗಿದ್ದರೂ ಇದು ಹೆಚ್ಚುಕಡಿಮೆ ಗಟ್ಟಿಯಾಗಿಯೇ ನಿಂತಿರುತ್ತದೆ.

ಕಪ್ಪು ವಲಯವನ್ನು ವಿದ್ಯಾರ್ಥಿಗಳು 'ಹೆಚ್ಚು ಕೊಳೆತದ್ದು' ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಅಲ್ಲಿ ದೊಡ್ಡ ರಂಧ್ರಗಳ ಜೊತೆಗೆ ಕ್ವಿನೊಲಿನ್ ಕಣವೂ ನುಗ್ಗಲಾರದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳಲ್ಲಿ ಗಾಳಿಯೇ ಉಳಿದು, ಬೆಳಕು ಚದುರಿ, ಜಾಗ ಕಪ್ಪಾಗಿ ತೋರುತ್ತದೆ. ದೊಡ್ಡ ರಂಧ್ರ ಸಣ್ಣದಾದದ್ದು ಹೇಗೆ? ಹೋಗಿದ್ದ ಖನಿಜ ವಾಪಸು ಬಂದು ಅಂಚುಗಳಲ್ಲಿ ಕೂತಿದ್ದರಿಂದ. ನಿಧಾನವಾಗಿ ಸಾಗಿದ ಕ್ಷಯದಲ್ಲಿ ಈ ಪಟ್ಟಿ ಅಗಲವಾಗಿರುತ್ತದೆ, ರಭಸವಾಗಿ ಸಾಗಿದ್ದರಲ್ಲಿ ಕಿರಿದು. ಅಂದರೆ ಚಿತ್ರದಲ್ಲಿ ಕಪ್ಪಗೆ ಕಾಣುವುದು ಹಲ್ಲು ತನ್ನನ್ನು ತಾನೇ ರಿಪೇರಿ ಮಾಡಿಕೊಂಡ ಗುರುತು. ಇದನ್ನು ಸ್ವಂತ ಮಾತಿನಲ್ಲಿ ಬರೆದ ಉತ್ತರ ಸಿಕ್ಕರೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಮೇಲ್ಪದರ ಏಕೆ ನಿಲ್ಲುತ್ತದೆ? ಒಳಗಿನಿಂದ ಕರಗಿ ಹೊರಬರುವ ಕ್ಯಾಲ್ಸಿಯಂ, ಫಾಸ್ಫೇಟ್ ದಾರಿಯಲ್ಲಿ ಅಲ್ಲೇ ಮತ್ತೆ ಕೂರುತ್ತವೆ. ಹೊರಗಿನಿಂದ ಜೊಲ್ಲು ಕೊಡುತ್ತದೆ. ಫ್ಲೋರೈಡ್ ಇದ್ದರೆ ಕೂಡುವ ಕೆಲಸ ಚುರುಕಾಗುತ್ತದೆ, ಕೂಡಿದ್ದು ಆಮ್ಲಕ್ಕೆ ಹೆಚ್ಚು ಜಗ್ಗುವುದೂ ಇಲ್ಲ. ಈ ಪದರ ಮಿಲಿಮೀಟರಿನ ಕೆಲವೇ ನೂರನೆಯ ಭಾಗಗಳಷ್ಟು ದಪ್ಪ. ಅದು ಮುರಿಯುವತನಕ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಹೊರಗೇ. ಒಳಗೆ ಹೋಗಿರುವುದು ಆಮ್ಲ. ಆದ್ದರಿಂದ ಚೂಪು ಮೊನೆಯ ಸಲಾಕೆಯಿಂದ ಬಿಳಿ ಮಚ್ಚೆಯನ್ನು ಒತ್ತಿ ನೋಡುವ ಹಳೆಯ ಅಭ್ಯಾಸ ಹಾನಿಕರ. ಉಳಿದಿದ್ದ ಚಾವಣಿಯನ್ನು ನಾವೇ ಕುಸಿಯುವಂತೆ ಮಾಡುತ್ತೇವೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಹುಡುಗಿ. ಕ್ಲಿಪ್ಪಿನ ಸುತ್ತ ಬ್ರಷ್ ಸರಿಯಾಗಿ ಹೋಗದೆ ಪ್ಲಾಕ್ ನಿಂತರೆ ನಾಲ್ಕು ವಾರಗಳಲ್ಲೇ ಸುಣ್ಣ ಬಳಿದಂಥ ಬಿಳಿ ಮಚ್ಚೆ ಮೂಡಬಹುದು. ಹಲ್ಲು ಒದ್ದೆಯಾಗಿದ್ದಾಗ ಏನೂ ಕಾಣುವುದಿಲ್ಲ. ಐದು ಸೆಕೆಂಡು ಗಾಳಿ ಹಾಯಿಸಿ ಒಣಗಿಸಿದರೆ ಮಚ್ಚೆ ಎದ್ದು ಕಾಣುತ್ತದೆ. ರಂಧ್ರಗಳಲ್ಲಿದ್ದ ನೀರು ಹೋಗಿ ಗಾಳಿ ತುಂಬಿತು. ಎನಾಮಲ್‌ಗೂ ನೀರಿಗೂ ಬೆಳಕು ಬಾಗುವುದರಲ್ಲಿ ಇರುವ ಅಂತರಕ್ಕಿಂತ ಎನಾಮಲ್‌ಗೂ ಗಾಳಿಗೂ ಇರುವ ಅಂತರ ದೊಡ್ಡದು. ಹಾಗಾಗಿ ಬೆಳಕು ಹೆಚ್ಚು ಚದುರಿ ಬಿಳುಪು ಕಾಣುತ್ತದೆ. ಒದ್ದೆಯಲ್ಲೂ ಮಚ್ಚೆ ಕಂಡರೆ ಕ್ಷಯ ಇನ್ನಷ್ಟು ಆಳಕ್ಕೆ ಇಳಿದಿದೆ ಎಂದರ್ಥ. ಈ ಹುಡುಗಿಗೆ ಕೊರೆಯುವ ಯಂತ್ರ ಬೇಡ. ಪ್ಲಾಕ್ ತೆಗೆಯಬೇಕು, ಫ್ಲೋರೈಡ್ ಪೇಸ್ಟಿನಲ್ಲಿ ದಿನಕ್ಕೆರಡು ಸಲ ಹಲ್ಲುಜ್ಜಬೇಕು, ವೈದ್ಯರು ಫ್ಲೋರೈಡ್ ವಾರ್ನಿಷ್ ಹಚ್ಚಬಹುದು. ಒರಟಾಗಿ, ಸಪ್ಪೆಯಾಗಿದ್ದ ಮಚ್ಚೆ ತಿಂಗಳುಗಳಲ್ಲಿ ನುಣುಪಾಗಿ ಹೊಳೆಯತೊಡಗಿದರೆ ಕ್ಷಯ ನಿಂತಿದೆ. ಆದರೆ ಬಿಳುಪು ಪೂರ್ತಿ ಅಳಿಯುತ್ತದೆಂದು ಮಾತು ಕೊಡುವಂತಿಲ್ಲ. ಮೇಲ್ಪದರ ಬೇಗ ಮುಚ್ಚಿಕೊಂಡರೆ ಒಡಲಿನ ಆಳಕ್ಕೆ ಖನಿಜ ತಲುಪುವುದಿಲ್ಲ.

ಚಾವಣಿ ಕುಸಿದ ಮೇಲಿನ ಕಥೆ ಚಿಕ್ಕದು. ಬ್ಯಾಕ್ಟೀರಿಯಾ ಒಳನುಗ್ಗುತ್ತವೆ. ಎನಾಮಲ್ ಮತ್ತು ಡೆಂಟಿನ್ ಕೂಡುವ ಗೆರೆಯಲ್ಲಿ ಕ್ಷಯ ಪಕ್ಕಕ್ಕೆ ಹರಡಿ, ಡೆಂಟಿನ್‌ನ ಸಣ್ಣ ಕೊಳವೆಗಳ ಗುಂಟ ಇನ್ನೊಂದು ತ್ರಿಕೋನವಾಗಿ ಹಲ್ಲಿನ ಜೀವಾಳವಾದ ಪಲ್ಪ್ ಕಡೆ ಸಾಗುತ್ತದೆ. ಪಲ್ಪ್ ಸುಮ್ಮನಿರದೆ ಕೊಳವೆಗಳನ್ನು ಖನಿಜದಿಂದ ಮುಚ್ಚುತ್ತದೆ, ಒಳಗೋಡೆಗೆ ಹೊಸ ಡೆಂಟಿನ್ ಕಟ್ಟುತ್ತದೆ. ದವಡೆ ಹಲ್ಲಿನ ಮೇಲಿನ ಸೀಳುಗಳಲ್ಲಿ ಮಾತ್ರ ಮೊದಲ ತ್ರಿಕೋನ ತಲೆಕೆಳಗು. ಚೂಪು ಹೊರಗೆ, ಅಗಲ ಒಳಗೆ. ಹೊರಗೆ ಸೂಜಿಮೊನೆಯಷ್ಟು ಕಾಣುವ ಕಪ್ಪಿನಡಿ ದೊಡ್ಡ ಪೊಳ್ಳು ಇರುವುದು ಇದರಿಂದಲೇ. ಎರಡೂ ತ್ರಿಕೋನಗಳನ್ನು ಅಕ್ಕಪಕ್ಕ ಬರೆಯದ ಉತ್ತರ ಅರ್ಧ ಉತ್ತರ.

ಇಂದು ರಾತ್ರಿ ನಿಮ್ಮ ಮಗುವಿನ ಮೇಲ್ದುಟಿ ಎತ್ತಿ, ಮುಂದಿನ ಹಲ್ಲುಗಳನ್ನು ಹತ್ತಿಯಿಂದ ಒಣಗಿಸಿ, ವಸಡಿನ ಅಂಚಿನುದ್ದಕ್ಕೂ ಬೆಳಕು ಬಿಟ್ಟು ನೋಡಿ. ಸುಣ್ಣದ ಗೆರೆಯಂಥದ್ದು ಕಂಡರೆ, ನೋವು ಬರಲಿ ಎಂದು ಕಾಯದೆ ದಂತವೈದ್ಯರಿಗೆ ತೋರಿಸಿ.